ತೆಲುಗಿನವರು ಮಗುವನ್ನು ‘ಚಿನ್ನಾ’ ಎಂದು ಕರೆಯುವುದು ನಮ್ಮ ‘ಚಿನ್ನ’ವೇನಾ?
ಅಲ್ಲ. ಎರಡರಲ್ಲೂ ಮುದ್ದು ಒಂದೇ, ಅರ್ಥ ಬೇರೆ. ನಮ್ಮ ‘ಚಿನ್ನ’ ಬಂಗಾರ. ತೆಲುಗಿನ ‘ಚಿನ್ನ’ ನಮ್ಮ ‘ಚಿಕ್ಕ’. ಅವರ ‘ಚಿನ್ನಾ’ ಎಂದರೆ ಪುಟ್ಟಾ ಎಂದಂತೆ.

ಕರೆಯುವಾಗ ಇದರಿಂದ ತೊಂದರೆಯಿಲ್ಲ, ಎಡವುವುದು ವಾಕ್ಯದೊಳಗೆ. ‘ಚಿನ್ನ ಗೊಲುಸು’ ಎಂದು ಕೇಳಿದ ಕನ್ನಡಿಗರು ಚಿನ್ನದ ಸರ ಎಂದುಕೊಳ್ಳುತ್ತಾರೆ. ಅದು ಚಿಕ್ಕ ಸರ, ಬೆಳ್ಳಿಯದೂ ಇರಬಹುದು. ಚಿನ್ನದ ಸರಕ್ಕೆ ಅವರು ‘ಬಂಗಾರು ಗೊಲುಸು’ ಎನ್ನುತ್ತಾರೆ. ಗುರುತು ಸುಲಭ: ಕನ್ನಡದಲ್ಲಿ ಲೋಹವಾದರೆ ಸಾಮಾನ್ಯವಾಗಿ ‘ಚಿನ್ನದ’ ಎಂದು ‘ದ’ ಸೇರುತ್ತದೆ; ತೆಲುಗಿನ ‘ಚಿನ್ನ’ ಹಾಗೆಯೇ ನಾಮಪದದ ಮುಂದೆ ಕೂರುತ್ತದೆ. ‘ಚಿನ್ನಾನ್ನ’ ಕೂಡ ಚಿನ್ನದಂಥ ಅಣ್ಣನಲ್ಲ; ಚಿನ್ನ, ಅಪ್ಪ ಎಂಬರ್ಥದ ನಾನ್ನ ಸೇರಿ ಆದ ಚಿಕ್ಕಪ್ಪ.

ನೀವು ಬಂಗಾರವೆಂದೇ ಮುದ್ದಿಸಬೇಕಿದ್ದರೆ ತೆಲುಗಿನಲ್ಲಿ ‘ಬಂಗಾರಂ’ ಎನ್ನಿ. ಅಲ್ಲಿ ಅರ್ಥವೂ ಅಕ್ಕರೆಯೂ ನಮ್ಮದರಂತೆಯೇ.