‘ಊಟ ಮಾಡ್ಲಿಲ್ವಾ?’ಗೆ ಯೆಸ್ಸಾ ನೋನಾ?

ಪ್ರಶ್ನೆ: ನಾನು ಊಟ ಮಾಡಿಲ್ಲ. ‘ಡಿಡಂಟ್ ಯು ಈಟ್?’ ಅಂತ ಕೇಳಿದ್ರೆ ಯೆಸ್ ಅನ್ಬೇಕಾ, ನೋ ಅನ್ಬೇಕಾ?

ಉತ್ತರ: ನೋ ಅನ್ಬೇಕು. ಕನ್ನಡದಲ್ಲಿ ‘ಊಟ ಮಾಡ್ಲಿಲ್ವಾ?’ ಅಂದ್ರೆ ‘ಹೂಂ, ಮಾಡ್ಲಿಲ್ಲ’ ಅಂತೀವಲ್ಲ, ಆ ಹೂಂ ಇರೋದು ಕೇಳಿದವರ ಊಹೆ ಸರಿ ಅನ್ನೋಕೆ, ಆದ್ರೆ ಇಂಗ್ಲಿಷ್ ಯೆಸ್ಸು ನೋ ಎರಡೂ ಅವರ ಊಹೆ ನೋಡಲ್ಲ, ನೀವು ಊಟ ಮಾಡಿದ್ರೋ ಇಲ್ವೋ ಅಷ್ಟೇ ನೋಡುತ್ತೆ. ಹಾಗಾಗಿ ಹೂಂ ಅನ್ನೋದನ್ನ ಹಾಗೇ ಯೆಸ್ ಮಾಡಿದ್ರೆ ಊಟ ಆಗಿದೆ ಅಂದ್ಕೊಂಡು ತಟ್ಟೆ ಎತ್ತಿಡ್ತಾರೆ.

ಕನ್ನಡದಲ್ಲೂ ಈ ಪ್ರಶ್ನೆಗೆ ಬರೀ ‘ಇಲ್ಲ’ ಸಾಲಲ್ಲ, ‘ಇಲ್ಲ, ಮಾಡ್ದೆ’ ಆಗ್ಬಹುದು, ‘ಇಲ್ಲ, ಮಾಡ್ಲಿಲ್ಲ’ನೂ ಆಗ್ಬಹುದು, ಅದಕ್ಕೇ ನಾವು ಕ್ರಿಯಾಪದ ಸೇರಿಸೋದು. ‘ಅಪ್ಪ ಬಂದ್ರಾ?’ ಅಂದ್ರೆ ‘ಬಂದ್ರು’ ಅಂದ್ರೆ ಮುಗೀತು, ಹೌದು ಬೇಕೇ ಇಲ್ಲ. ಇಂಗ್ಲಿಷಲ್ಲೂ ‘ನೋ, ಐ ಡಿಡಂಟ್’ ಅಂತ ಪೂರ್ತಿ ಹೇಳಿ.