ತಾರೀಕಿಲ್ಲದ ಪತ್ರಕ್ಕೆ ಅಡಿಟಿಪ್ಪಣಿ

"ಬೆಳಗಾವಿಯಲ್ಲಿ ಎಂ.ಎ. ಓದ್ತಿದ್ದೀನಿ. ಕಿತ್ತೂರಿನ ಪ್ರಬಂಧಕ್ಕೆ 'ಕಿತ್ತೂರು ಕಡತ, ಮಹಾರಾಷ್ಟ್ರ ರಾಜ್ಯ ಪತ್ರಾಗಾರ' ಅಂತ ಅಡಿಟಿಪ್ಪಣಿ ಹಾಕಿದ್ದೆ, ಗೈಡ್ ವಾಪಸ್ ಕೊಟ್ರು. ಪತ್ರದಲ್ಲಿ ತಾರೀಕೂ ಇಲ್ಲ. ಹೇಗೆ ಬರೀಲಿ?"

ಬಹುಶಃ ತೊಂದರೆ ಇದು: ಆ ಟಿಪ್ಪಣಿ ಹಿಡಿದು ಹೋದವರಿಗೆ ಕಡತವೂ ಸಿಗುವುದಿಲ್ಲ, ಅದರೊಳಗಿನ ಪತ್ರವೂ ಸಿಗುವುದಿಲ್ಲ. ಸಂಪುಟದ ಸಂಖ್ಯೆ ಒಂದನ್ನೇ ಸೇರಿಸಿದರೂ ಸಾಲದು. ಅದೇ ಸಂಖ್ಯೆ ಬೇರೆ ವಿಭಾಗದಲ್ಲೂ ಇರಬಹುದು, ಅಲ್ವಾ?

ಮೊದಲು ಪತ್ರದ ಗುರುತು ಬರೆಯಿರಿ, ಆಮೇಲೆ ಅದು ಇರುವ ಜಾಗ. ಹೀಗೆ:

ಬರೆದವರು, ಯಾರಿಗೆ, ಊರು, ತಾರೀಕು, ವಿಭಾಗ, ವರ್ಷ, ಸಂಪುಟ, ಪುಟ, ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಮುಂಬೈ.

ವಿಭಾಗ, ವರ್ಷ, ಸಂಪುಟ ನೀವು ಕಡತ ತರಿಸಿದ ಚೀಟಿಯಲ್ಲೇ ಇರುತ್ತವೆ. ಆ ಚೀಟಿ ಇಲ್ಲದಿದ್ದರೆ ಸಂಪುಟದ ಬೆನ್ನು ನೋಡಿ.

ತಾರೀಕನ್ನು ಸುಮ್ನೆ ಊಹಿಸಬೇಡಿ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು; ಪತ್ರದಲ್ಲಿ ಆ ಸುದ್ದಿ ಇದ್ದರೆ ಅದು ಆ ದಿನಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಆಗ "ತಾರೀಕಿಲ್ಲ [23 ಅಕ್ಟೋಬರ್ 1824 ಅಥವಾ ಆ ನಂತರ]" ಎಂದು ಹಾಕಿ, ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ. ಚೌಕ ಕಂಸದೊಳಗಿನದು ನಿಮ್ಮ ಮಾತು, ಪತ್ರದ್ದಲ್ಲ ಎಂದು ಓದುವವರಿಗೆ ತಿಳಿಯುತ್ತದೆ. ಅಲ್ಪವಿರಾಮ, ಕ್ರಮ ಇವು ವಿಶ್ವವಿದ್ಯಾಲಯಕ್ಕೆ ತಕ್ಕಂತೆ ಬದಲಾಗಬಹುದು, ಅದನ್ನು ಗೈಡ್ ಹತ್ತಿರ ಕೇಳಿಕೊಳ್ಳಿ.