ಅಸಲು ಬರಲಿ ಎಂದು ಕಾಯುವ ಷೇರು, ಅವಸರದಲ್ಲಿ ಮಾರಿದ ಷೇರು

ಪ್ರಶ್ನೆ: ಎಂಟು ತಿಂಗಳ ಹಿಂದೆ ಒಂದು ಕಂಪನಿಯ 100 ಷೇರನ್ನು 400 ರೂಪಾಯಿಯಂತೆ ಕೊಂಡೆ. ಈಗ 300ಕ್ಕೆ ಇಳಿದಿದೆ. ಅಸಲು ಬಂದರೆ ಸಾಕು, ಮಾರಿಬಿಡೋಣ ಅಂತ ಕಾಯ್ತಾ ಇದ್ದೇನೆ. ಅದೇ ವಾರ 500ಕ್ಕೆ ಕೊಂಡ ಇನ್ನೊಂದು ಷೇರನ್ನು 560 ಆದ ಕೂಡಲೇ ಮಾರಿದೆ. ಈಗ ಅದು 710. ಪ್ರತಿ ಸಲ ಹೀಗೇ ಆಗುತ್ತೆ. ಲುಕ್ಸಾನಿನಲ್ಲಿರುವುದನ್ನು ಮಾರಲು ಮನಸ್ಸೇ ಬರಲ್ಲ ಯಾಕೆ? 300ಕ್ಕೆ ಇನ್ನೂ 100 ಕೊಂಡು ಆವರೇಜ್ ಮಾಡಲೇ?
— ಓದುಗರು, ದಾವಣಗೆರೆ

ಉತ್ತರ: ಆವರೇಜ್ ಮಾಡಬೇಡಿ, ಸದ್ಯಕ್ಕಂತೂ ಬೇಡ. ಕಾರಣಕ್ಕೆ ಆಮೇಲೆ ಬರುತ್ತೇವೆ. ಮೊದಲು, ನಿಮ್ಮ ಕೈ ಕಟ್ಟಿಹಾಕಿರುವ ಆ 400 ಎಂಬ ಅಂಕಿಯನ್ನು ನೋಡೋಣ.

ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಮಾರುಕಟ್ಟೆಗೆ ಗೊತ್ತಿಲ್ಲ. ಆದರೆ ನಿಮ್ಮ ಮನಸ್ಸು ಲಾಭ-ನಷ್ಟ ಎರಡನ್ನೂ ಅಲ್ಲಿಂದಲೇ ಅಳೆಯುತ್ತದೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದು. ಅವರೇ 1992ರಲ್ಲಿ ಅಂದಾಜು ಮಾಡಿದಂತೆ, ಒಂದು ಮೊತ್ತ ಕಳೆದುಕೊಂಡ ನೋವು ಅಷ್ಟೇ ಮೊತ್ತ ಗಳಿಸಿದ ಖುಷಿಯ ಸುಮಾರು 2.25 ಪಟ್ಟು. ಎಲ್ಲರೂ ಇಲ್ಲಿಗೇ ವಿವರಣೆ ಮುಗಿಸುತ್ತಾರೆ. ಆದರೆ ನೋವು ದೊಡ್ಡದಾದರೆ ಬೇಗ ಮಾರಿ ಓಡಬೇಕಿತ್ತಲ್ಲ, ಯಾಕೆ ಕೂತಿರುತ್ತೇವೆ? ಅದಕ್ಕೆ ಉತ್ತರ ಆ ಸಿದ್ಧಾಂತದ ಇನ್ನೊಂದು ಭಾಗದಲ್ಲಿದೆ: ನಷ್ಟ ಬೆಳೆದಂತೆ ಪ್ರತಿ ಹೊಸ ರೂಪಾಯಿಯ ನೋವು ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ಸಾವಿರ ಹೋದಾಗ ನಿದ್ದೆ ಬರುವುದಿಲ್ಲ. ಹತ್ತು ಹೋದಮೇಲೆ ಹನ್ನೊಂದನೆಯದು ಅಷ್ಟಾಗಿ ತಟ್ಟುವುದಿಲ್ಲ.

ನಿಮ್ಮ ಲೆಕ್ಕವನ್ನೇ ಇಡೋಣ. ಈಗ ನಷ್ಟ 10,000. ಇಂದೇ ಮಾರಿದರೆ ಅದು ಖಾಯಂ. ಕಾದರೆ, ಸಮ ಸಾಧ್ಯತೆಯಲ್ಲಿ ಅದು 5,000ಕ್ಕೆ ಇಳಿಯಬಹುದು ಅಥವಾ 15,000ಕ್ಕೆ ಏರಬಹುದು ಎಂದುಕೊಳ್ಳಿ. ಹಣದ ಲೆಕ್ಕದಲ್ಲಿ ಎರಡೂ ಸಮ. ಅವರ ಸೂತ್ರದಲ್ಲಿ ನೋವನ್ನು ಅಳೆದರೆ 10,000ಕ್ಕೆ ಸುಮಾರು 7,450 ಅಂಕ ಬರುತ್ತದೆ; 5,000ಕ್ಕೆ 4,050, 15,000ಕ್ಕೆ 10,650, ಇವೆರಡರ ಸರಾಸರಿ 7,350. ಕಾಯುವುದೇ ಮನಸ್ಸಿಗೆ ಹಗುರ. ಇದೇ ಮೊತ್ತಗಳನ್ನು ಲಾಭದ ಕಡೆ ಇಟ್ಟರೆ ಲೆಕ್ಕ ತಿರುಗುತ್ತದೆ: ಕೈಯಲ್ಲಿರುವ 10,000ಕ್ಕೆ 3,310 ಅಂಕ, ಕಾದರೆ 3,265. ಹಾಗಾಗಿ ಲಾಭವಿದ್ದಾಗ ಮಾರಿ ಗಂಟು ಕಟ್ಟಿಕೊಳ್ಳುವುದೇ ಹಿತ. ವ್ಯತ್ಯಾಸ ಚಿಕ್ಕದು, ಆದರೆ ಪ್ರತಿ ಸಲವೂ ಒಂದೇ ದಿಕ್ಕಿಗೆ ದೂಡುತ್ತದೆ. ಇದರ ಮೇಲೆ, ಮಾರುವವರೆಗೂ ನಷ್ಟ ಬರೀ ಕಾಗದದ್ದು ಎಂಬ ಸಮಾಧಾನ ಬೇರೆ. ಮಾರಿದರೆ ‘ನನ್ನ ಅಂದಾಜು ತಪ್ಪಾಯಿತು’ ಎಂದು ಒಪ್ಪಿ ಆ ಖಾತೆ ಮುಚ್ಚಬೇಕು. ನಮ್ಮ ಅನುಭವದಲ್ಲಿ ಹೆಚ್ಚಿನವರನ್ನು ಹಿಡಿದಿಡುವುದು ಇದೇ.

ಆವರೇಜ್ ಮಾಡುವುದೂ ಇದೇ ಮನಸ್ಸಿನ ಕೆಲಸ. 300ಕ್ಕೆ ಇನ್ನೂ 100 ಕೊಂಡರೆ ಆ್ಯಪ್‌ನಲ್ಲಿ ಸರಾಸರಿ ಬೆಲೆ 350 ಎಂದು ಕಾಣುತ್ತದೆ. ಅಸಲಿಗೆ ಬರಲು ಶೇ. 33 ಏರಬೇಕಾದದ್ದು ಈಗ ಶೇ. 17 ಏರಿದರೆ ಸಾಕು ಅನಿಸುತ್ತದೆ. ಆದರೆ ಷೇರಿನಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಇಷ್ಟೇ: ಒಂದೇ ಕಂಪನಿಯಲ್ಲಿ 30,000 ಇದ್ದದ್ದು 60,000 ಆಯಿತು, ಬೆಲೆ ಹತ್ತು ರೂಪಾಯಿ ಇಳಿದಾಗ ಸಾವಿರ ಹೋಗುತ್ತಿದ್ದಲ್ಲಿ ಎರಡು ಸಾವಿರ ಹೋಗುತ್ತದೆ. ಈ ಷೇರು ನಿಮ್ಮ ಬಳಿ ಇಲ್ಲವೇ ಇಲ್ಲ, ಕೈಯಲ್ಲಿ 30,000 ನಗದು ಇದೆ ಎಂದುಕೊಳ್ಳಿ. ಇವತ್ತು ಇದನ್ನೇ ಕೊಳ್ಳುತ್ತೀರಾ? ಹೌದು ಎನ್ನಲು ಬರೆದಿಡಬಹುದಾದ ಕಾರಣವಿದ್ದರೆ ಇಟ್ಟುಕೊಳ್ಳಿ. ‘ಇಷ್ಟು ಇಳಿದಿದೆಯಲ್ಲ’ ಎಂಬುದು ಕಾರಣವಲ್ಲ.

‘ಪ್ರತಿ ಸಲ’ ಎಂದಿದ್ದೀರಿ. ಅದನ್ನು ಎಣಿಸಿ ನೋಡಬಹುದು. ಟೆರನ್ಸ್ ಓಡೀನ್ ಎಂಬ ಸಂಶೋಧಕರು ಅಮೆರಿಕದ ಒಂದು ಬ್ರೋಕರೇಜ್‌ನ 10,000 ಖಾತೆಗಳನ್ನು, 1987ರಿಂದ 1993ರವರೆಗಿನ ವಹಿವಾಟನ್ನು, ಹೀಗೇ ಎಣಿಸಿದರು. ನೀವು ಏನಾದರೂ ಮಾರಿದ ಪ್ರತಿ ದಿನ, ಅಂದು ಲಾಭದಲ್ಲಿದ್ದ ಷೇರುಗಳಲ್ಲಿ ಎಷ್ಟನ್ನು ಮಾರಿದಿರಿ, ನಷ್ಟದಲ್ಲಿದ್ದವುಗಳಲ್ಲಿ ಎಷ್ಟನ್ನು ಮಾರಿದಿರಿ ಎಂದು ಬರೆದು ಕೂಡಿಸುತ್ತಾ ಹೋಗಿ. ಆರು ತಿಂಗಳಲ್ಲಿ ಲಾಭದ 60ರಲ್ಲಿ 18 ಮಾರಿದ್ದರೆ ಶೇ. 30, ನಷ್ಟದ 50ರಲ್ಲಿ 4 ಮಾರಿದ್ದರೆ ಶೇ. 8. ಓಡೀನ್ ಅವರಿಗೆ ಸಿಕ್ಕದ್ದು ಶೇ. 14.8 ಮತ್ತು ಶೇ. 9.8. ಮಾರಿದ ಷೇರುಗಳನ್ನಷ್ಟೇ ಎಣಿಸಿದರೆ ಮೋಸ ಹೋಗುತ್ತೀರಿ, ಏಕೆಂದರೆ ಪೇಟೆ ಏರುತ್ತಿದ್ದಾಗ ಎಲ್ಲರ ಬಳಿಯೂ ಲಾಭದ ಷೇರುಗಳೇ ಹೆಚ್ಚಿರುತ್ತವೆ. ಆ ಖಾತೆದಾರರು ಮಾರಿದ ಲಾಭದ ಷೇರುಗಳು, ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಮುಂದಿನ ವರ್ಷ ಸರಾಸರಿ ಶೇ. 3.4ರಷ್ಟು ಹೆಚ್ಚು ಗಳಿಸಿದವು. ಇದು ಸರಾಸರಿ ಮಾತ್ರ. ಬಿದ್ದ ಷೇರು ಮೇಲೇಳುವುದೂ ಉಂಟು. ಹಾಗೆ ಒಮ್ಮೆ ಎದ್ದರೆ ಸಾಕು, ಮುಂದಿನ ಹತ್ತು ಸಲ ಕಾಯಲು ಅದೇ ಧೈರ್ಯ ಕೊಡುತ್ತದೆ.

ಅಂಕಿ ನಿಮ್ಮ ವಿರುದ್ಧ ಬಂದರೆ, ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ ಎಂದು ಹೊರಡಬೇಡಿ. ಮಾರುವ ನಿರ್ಧಾರವನ್ನು ಕೊಳ್ಳುವ ದಿನಕ್ಕೇ ತನ್ನಿ. ಆಗ ಇನ್ನೂ ಲಾಭವೂ ಇಲ್ಲ, ನಷ್ಟವೂ ಇಲ್ಲ. ‘ಬೆಲೆ ಇಲ್ಲಿಗೆ ಬಂದರೆ ನಾನು ಕೊಂಡ ಕಾರಣವೇ ಸುಳ್ಳು’ ಎಂಬ ಮಟ್ಟವನ್ನು ಮೊದಲು ಗುರುತಿಸಿ, ಎಷ್ಟು ಷೇರು ಎಂಬುದನ್ನು ಆಮೇಲೆ ನಿಶ್ಚಯಿಸಿ. ಒಟ್ಟು ಬಂಡವಾಳ 5 ಲಕ್ಷ, ಒಂದು ಷೇರಿನಲ್ಲಿ ಅದರ ಶೇ. 1 ಅಂದರೆ 5,000 ಮಾತ್ರ ಕಳೆದುಕೊಳ್ಳಬಹುದು ಎಂದಿಟ್ಟುಕೊಂಡರೆ, 400ಕ್ಕೆ ಕೊಂಡು 350ಕ್ಕೆ ಹೊರಬರುವ ಷೇರನ್ನು 100 ಕೊಳ್ಳಬಹುದು. ಬೆಲೆ ಆ ಮಟ್ಟ ಮುಟ್ಟಿದಾಗ ತಾನಾಗಿಯೇ ಮಾರಾಟಕ್ಕೆ ಹೋಗುವ ಜಿಟಿಟಿ ಆರ್ಡರನ್ನು ಆ ದಿನವೇ ಹಾಕಿ. ಇಲ್ಲೊಂದು ಎಚ್ಚರ: ಸಾಮಾನ್ಯವಾಗಿ ಜಿಟಿಟಿ ಟ್ರಿಗರ್ ಆದಾಗ ಹೋಗುವುದು ಲಿಮಿಟ್ ಆರ್ಡರ್, ಅಂದರೆ ನೀವು ಹೇಳಿದ ಬೆಲೆಗಿಂತ ಕಡಿಮೆಗೆ ಮಾರದ ಆರ್ಡರ್. ಟ್ರಿಗರ್ 350, ಲಿಮಿಟ್ 349 ಇಟ್ಟಿದ್ದು, ಕೆಟ್ಟ ಫಲಿತಾಂಶ ಬಂದು ಬೆಳಿಗ್ಗೆ ಷೇರು 330ಕ್ಕೆ ತೆರೆದರೆ ಮಾರಾಟ ಆಗುವುದೇ ಇಲ್ಲ. ಲಿಮಿಟನ್ನು ಟ್ರಿಗರ್‌ಗಿಂತ ಸಾಕಷ್ಟು ಕೆಳಗಿಡಿ, ಟ್ರಿಗರ್ ಆದ ದಿನ ಆರ್ಡರ್ ಬುಕ್ ತೆರೆದು ನೋಡಿ. ಬೆಲೆ ಹತ್ತಿರ ಬಂದಾಗ ಈ ಸ್ಟಾಪ್‌ಲಾಸ್ ಮಟ್ಟವನ್ನು ಕೆಳಗೆ ಸರಿಸಿದರೆ, ಹಾಕದೇ ಇದ್ದದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಲಾಭದ ಕಡೆಗೂ ಇದೇ ಮಾತು. 560ಕ್ಕೆ ಮಾರುವ ಬದಲು, ಕಳೆದ 20 ದಿನಗಳ ಕನಿಷ್ಠ ಬೆಲೆಗಿಂತ ಕೆಳಗೆ ಮುಗಿದ ದಿನ ಮಾರುತ್ತೇನೆ ಎಂದು ಮೊದಲೇ ಬರೆದಿಟ್ಟರೆ, ಏರುವವರೆಗೂ ಷೇರು ನಿಮ್ಮ ಬಳಿ ಇರುತ್ತದೆ. ತುತ್ತತುದಿಯ ಬೆಲೆ ಸಿಗುವುದಿಲ್ಲ. ಗಳಿಸಿದ್ದರಲ್ಲಿ ಒಂದು ಪಾಲನ್ನು ಪ್ರತಿ ಸಲ ಬಿಟ್ಟುಕೊಡಬೇಕಾಗುತ್ತದೆ, ಅದು ಹೊಟ್ಟೆ ಉರಿಸುವ ಸಂಗತಿಯೇ. ಒಂದೇ ಮಟ್ಟದ ಆಸುಪಾಸಿನಲ್ಲಿ ಮೇಲೆ-ಕೆಳಗೆ ಆಡುತ್ತಿರುವ ಷೇರಿನಲ್ಲಿ ಈ ನಿಯಮ ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ.

ಇನ್ನು ನಿಮ್ಮ 100 ಷೇರು. ಇಟ್ಟುಕೊಳ್ಳಲು ಕಾರಣ ಸಿಗದಿದ್ದರೆ ಮಾರಿ. ಡೆಲಿವರಿಗೆ ಕೊಂಡು 12 ತಿಂಗಳು ತುಂಬದ ಕಾರಣ ಇದು ಅಲ್ಪಾವಧಿ ಬಂಡವಾಳ ನಷ್ಟ. ಇದೇ ಹಣಕಾಸು ವರ್ಷದಲ್ಲಿ ಬೇರೆ ಷೇರಿನಿಂದ ಅಲ್ಪಾವಧಿ ಲಾಭ ಬಂದಿದ್ದರೆ ಈ 10,000ವನ್ನು ಅದರಿಂದ ಕಳೆಯಬಹುದು. 2024ರ ಜುಲೈ 23ರಿಂದ ಜಾರಿಯಲ್ಲಿರುವ ಶೇ. 20ರ ದರದಲ್ಲಿ 2,000 ರೂಪಾಯಿ ತೆರಿಗೆ ಉಳಿಯುತ್ತದೆ. ಲಾಭ ಇಲ್ಲದಿದ್ದರೆ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನನ್ನು ಕೊನೆಯ ದಿನದೊಳಗೆ ಸಲ್ಲಿಸಿದ್ದರೆ ಮಾತ್ರ.